ಹಾಲು ಒಗ್ಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ

‘ನಮಗೆ ಹಾಲು ಆಗುವುದಿಲ್ಲ’ ಎಂಬ ಮಾತನ್ನು ಅನೇಕರ ಬಾಯಲ್ಲಿ ಕೇಳುತ್ತೇವೆ. ಈ ಒಂದೇ ಮಾತಿನ ಹಿಂದೆ ಎರಡು ಭಿನ್ನ ತೊಂದರೆಗಳು ಅಡಗಿರಬಹುದು. ಒಂದು ಹಾಲಿನ ಸಕ್ಕರೆಗೆ ಸಂಬಂಧಿಸಿದ್ದು. ಅದರಿಂದ ಹೊಟ್ಟೆಗೆ ಸಂಕಟವಾಗುತ್ತದೆಯೇ ಹೊರತು ಜೀವಕ್ಕೆ ಅಪಾಯವಿಲ್ಲ. ಇನ್ನೊಂದು ಹಾಲಿನ ಪ್ರೋಟೀನಿಗೆ ಸಂಬಂಧಿಸಿದ್ದು. ಅದು ಕೆಲವೊಮ್ಮೆ ಪ್ರಾಣಾಂತಿಕವೂ ಆಗಬಲ್ಲದು. ಮೊದಲನೆಯವರಿಗೆ ಹಿತವಾಗುವ ಮೊಸರು, ಪನೀರ್ ಎರಡನೆಯವರಿಗೆ ವಿಷಸಮಾನವಾಗಬಹುದಾದ್ದರಿಂದ ಈ ಭೇದವನ್ನು ಅರಿತಿರಬೇಕು.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆದು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ಉತ್ಪತ್ತಿಯಾಗುತ್ತದೆ. ಎಳೆಯ ಶಿಶುವಿನಲ್ಲಿ ಇದು ಹೇರಳವಾಗಿದ್ದು, ಬಾಲ್ಯ ಕಳೆದಂತೆ ಬಹಳ ಜನರಲ್ಲಿ ಕುಗ್ಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು-ಮೂರು ಗಂಟೆಗಳೊಳಗೆ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ವಾಯು, ಭೇದಿ ತೋರುವುದು ಇದರಿಂದಲೇ. ತೀವ್ರವಾದ ಭೇದಿಯ ನಂತರ ಮಕ್ಕಳಲ್ಲಿ ಇದು ಕೆಲವು ವಾರ ಕಾಣಿಸಿಕೊಂಡು ತಾನಾಗಿಯೇ ಹೋಗುವುದೂ ಉಂಟು.

ಇಲ್ಲಿ ಮುಖ್ಯವಾದದ್ದು ಪ್ರಮಾಣ. ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನಾಟಿ ಹಸುವಿನ ಹಾಲಿನಲ್ಲಿ ಇದಿಲ್ಲವೆಂಬ ನಂಬಿಕೆ ಸರಿಯಲ್ಲ. ಎಮ್ಮೆ, ಆಡು, ನಾಟಿ ಹಸು ಎಲ್ಲದರ ಹಾಲಿನಲ್ಲಿಯೂ ಇದು ಹೆಚ್ಚುಕಡಿಮೆ ಅಷ್ಟೇ. ಐವತ್ತೈದು ವರ್ಷದ ಒಬ್ಬ ಹಿರಿಯರನ್ನು ಊಹಿಸಿಕೊಳ್ಳೋಣ. ರಾತ್ರಿ 300 ಮಿಲಿಲೀಟರಿನ ದೊಡ್ಡ ಲೋಟದಲ್ಲಿ ಹಾಲು ಕುಡಿದರೆ ಅವರ ಹೊಟ್ಟೆಗೆ ಒಮ್ಮೆಲೇ 15 ಗ್ರಾಂ ಲ್ಯಾಕ್ಟೋಸ್ ಸೇರುತ್ತದೆ, ಬೆಳಗಾಗುವುದರೊಳಗೆ ಸಂಕಟ. ಆದರೆ 50 ಮಿಲಿಲೀಟರ್ ಹಾಲು ಬೆರೆಸಿದ ಕಾಫಿಯಲ್ಲಿ ಇರುವುದು ಎರಡೂವರೆ ಗ್ರಾಂ ಮಾತ್ರ. ಅದು ಅವರಿಗೆ ಬಾಧಿಸದು. ‘ಕಾಫಿ ಆಗುತ್ತದೆ, ಹಾಲು ಮಾತ್ರ ಆಗುವುದಿಲ್ಲವೇ?’ ಎಂದು ಮನೆಯವರು ನಗುವುದುಂಟು. ನಗುವ ಮಾತಲ್ಲ, ಲೆಕ್ಕ ಸರಿಯಾಗಿಯೇ ಇದೆ. ಇಂಥವರಲ್ಲಿ ಬಹುಪಾಲು ಜನ ಒಂದು ಹೊತ್ತಿಗೆ ಸುಮಾರು 12 ಗ್ರಾಂವರೆಗೆ, ಅದರಲ್ಲಿಯೂ ಊಟದೊಡನೆ, ತಾಳಿಕೊಳ್ಳಬಲ್ಲರು.

ಅದೇ ಹಿರಿಯರಿಗೆ ಮೊಸರು ಒಗ್ಗುವುದಕ್ಕೆ ಬೇರೆಯೇ ಕಾರಣವಿದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನಷ್ಟೇ, ಸುಮಾರು ಕಾಲು ಪಾಲನ್ನು, ಆಮ್ಲವಾಗಿಸುತ್ತವೆ. ಉಳಿದದ್ದು ಮೊಸರಿನಲ್ಲಿಯೇ ಇರುತ್ತದೆ. ಆದರೆ ಆ ಜೀವಂತ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವವನ್ನು ಹೊತ್ತು ಕರುಳಿಗೆ ಹೋಗಿ, ಅಲ್ಲಿ ಉಳಿದ ಸಕ್ಕರೆಯನ್ನು ಒಡೆಯಲು ನೆರವಾಗುತ್ತವೆ. ಮೊಸರನ್ನು ಕುದಿಸಿದರೆ ಈ ನೆರವು ತಪ್ಪುತ್ತದೆ; ಆದ್ದರಿಂದ ಮಜ್ಜಿಗೆಹುಳಿಗಿಂತ ಹಸಿ ಮಜ್ಜಿಗೆ ಇಂಥವರಿಗೆ ಮೇಲು. ನೀರು ಬೆರೆತಿರುವುದರಿಂದ ಲೋಟ ಮಜ್ಜಿಗೆಯಲ್ಲಿ ಸಕ್ಕರೆಯೂ ಕಡಿಮೆ.

ಪನೀರಿನ ಬಗೆ ಬೇರೆ. ಕುದಿಯುವ ಹಾಲಿಗೆ ನಿಂಬೆರಸ ಹಿಂಡಿದಾಗ ಪ್ರೋಟೀನು, ಕೊಬ್ಬು ಗಟ್ಟಿಯಾಗಿ ನಿಂತು, ಸಕ್ಕರೆಯ ಹೆಚ್ಚಿನ ಪಾಲು ಒಡೆದ ಹಾಲಿನ ನೀರಿನಲ್ಲಿ ಹೋಗುತ್ತದೆ. ಚೆನ್ನಾಗಿ ಹಿಂಡಿ ಒತ್ತಿದ ನೂರು ಗ್ರಾಂ ಪನೀರಿನಲ್ಲಿ 2–3 ಗ್ರಾಂ ಲ್ಯಾಕ್ಟೋಸ್ ಉಳಿಯಬಹುದು. ಆ ನೀರನ್ನು ಚಪಾತಿ ಹಿಟ್ಟಿಗೆ ಬಳಸುವ ಗೃಹಿಣಿಯರು ಸಕ್ಕರೆ ಅದರಲ್ಲಿಯೇ ಇದೆಯೆಂಬುದನ್ನು ನೆನಪಿಡಬೇಕು. ಇನ್ನು ತುಪ್ಪವು ಬಹುತೇಕ ಶುದ್ಧ ಕೊಬ್ಬು. ನೀರು ಆವಿಯಾಗಿ, ಗಸಿ ತಳಕ್ಕಿಳಿದು, ಸೋಸಿದ ತುಪ್ಪದಲ್ಲಿ ಲ್ಯಾಕ್ಟೋಸ್ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಈಗ ಅದೇ ಮನೆಯ ಹತ್ತು ತಿಂಗಳ ಮೊಮ್ಮಗುವಿನತ್ತ ನೋಡೋಣ. ಒಂದು ಚಮಚ ಮೊಸರನ್ನ ತಿನ್ನಿಸಿದ ಕೆಲವೇ ನಿಮಿಷಗಳಲ್ಲಿ ಬಾಯಿಯ ಸುತ್ತ ಕೆಂಪು ದದ್ದು ಎದ್ದು, ತುಟಿ ಊದಿ, ಮಗು ವಾಂತಿ ಮಾಡಿದರೆ ಅದು ಅಜೀರ್ಣವಲ್ಲ, ಅಲರ್ಜಿಯ ಲಕ್ಷಣ. ದೇಹದ ರಕ್ಷಣಾ ವ್ಯವಸ್ಥೆಯು ಹಾಲಿನ ಪ್ರೋಟೀನನ್ನು, ಅಂದರೆ ಕೇಸೀನ್ ಮೊದಲಾದವನ್ನು, ಶತ್ರುವೆಂದು ಭಾವಿಸಿ ಎದುರಿಸುತ್ತಿದೆ. ಇಲ್ಲಿ ಅಜ್ಜನ ಲೆಕ್ಕ ನಡೆಯದು. ಒಂದು ಹನಿಯೂ ಸಾಕಾಗಬಹುದು. ಅಜ್ಜನಿಗೆ ಹಾಲಿಗಿಂತ ಸುಲಭವಾದ ಪನೀರು ಈ ಮಗುವಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸಾಂದ್ರಗೊಂಡ ಕೇಸೀನ್. ಹಾಲನ್ನು ಕಾಯಿಸಿದ ಮಾತ್ರಕ್ಕೆ ಕೇಸೀನ್ ನಿರಪಾಯವಾಗದು. ಆಡಿನ ಹಾಲೂ ಪರ್ಯಾಯವಲ್ಲ, ಅದರ ಪ್ರೋಟೀನು ಹಸುವಿನದನ್ನೇ ಹೋಲುತ್ತದೆ. ಲ್ಯಾಕ್ಟೋಸ್ ತೆಗೆದ ಪೊಟ್ಟಣದ ಹಾಲಿನಲ್ಲಿ ಪ್ರೋಟೀನು ಹಾಗೆಯೇ ಇರುತ್ತದೆ. ತುಪ್ಪದಲ್ಲಿಯೂ ಪ್ರೋಟೀನಿನ ಲೇಶ ಉಳಿದಿರಬಹುದಾದ್ದರಿಂದ ವೈದ್ಯರನ್ನು ಕೇಳದೆ ಕೊಡಬಾರದು.

ಉಬ್ಬಸ, ಧ್ವನಿ ಗೊಗ್ಗರಾಗುವುದು, ಮಗು ಜೋತುಬೀಳುವುದು ಕಂಡರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಬಹಳಷ್ಟು ಮಕ್ಕಳಲ್ಲಿ ಈ ಅಲರ್ಜಿ ಬೆಳೆಯುತ್ತಾ ಹೋಗಿಬಿಡುತ್ತದೆ. ಹೋಯಿತೋ ಇಲ್ಲವೋ ಎಂಬುದನ್ನು ವೈದ್ಯರ ಎದುರಿನಲ್ಲಿಯೇ ಪರೀಕ್ಷಿಸಬೇಕು, ಮನೆಯಲ್ಲಿ ಚಮಚ ನೆಕ್ಕಿಸಿ ನೋಡಬಾರದು. ದಾಸೋಹಕ್ಕೆ ಬರುವಾಗಲೂ ಇಂಥ ಮಗುವಿನ ತಾಯಿ ಪಾಯಸ, ಮಜ್ಜಿಗೆಗಳನ್ನಷ್ಟೇ ಅಲ್ಲ, ಅನ್ನದ ಮೇಲೆ ತುಪ್ಪ ಬಿದ್ದಿದೆಯೇ, ಮಜ್ಜಿಗೆಯ ಸೌಟು ಸಾರಿಗೆ ಬಿದ್ದಿದೆಯೇ ಎಂಬುದನ್ನೂ ಬಡಿಸುವವರಲ್ಲಿ ಸಂಕೋಚವಿಲ್ಲದೆ ಕೇಳಬೇಕು.