ಬಂದವರೆಷ್ಟು ತಂದರು, ಹೋದವರೆಷ್ಟು ಒಯ್ದರು?

ಸರಾಸರಿಯ ಲೆಕ್ಕಗಳಲ್ಲಿ ನಾವು ಹೆಚ್ಚಾಗಿ ಅಂಕ ಕಳೆದುಕೊಳ್ಳುವುದು ಗುಂಪಿಗೆ ಒಬ್ಬರು ಸೇರಿದಾಗ ಅಥವಾ ಗುಂಪಿನಿಂದ ಒಬ್ಬರು ಹೋದಾಗ. ಸೂತ್ರ ಗೊತ್ತಿದ್ದರೂ ಒಂದು ಸಣ್ಣ ಗೊಂದಲ ಉತ್ತರವನ್ನು ಕೆಡಿಸುತ್ತದೆ. ಈ ಪ್ರಶ್ನೆಯನ್ನು ನೋಡಿ.

10 ವಿದ್ಯಾರ್ಥಿಗಳ ಸರಾಸರಿ ಅಂಕ 62. ಹೊಸ ವಿದ್ಯಾರ್ಥಿಯೊಬ್ಬ ಸೇರಿದ ಮೇಲೆ ಸರಾಸರಿ 64 ಆಯಿತು. ಅವನ ಅಂಕವೆಷ್ಟು?

ಮೊದಲಿಗೆ ಮೊತ್ತದ ದಾರಿ ಹಿಡಿಯೋಣ. ಹಳೆಯ ಮೊತ್ತ 10 × 62 = 620. ಈಗ 11 ಜನ, ಆದ್ದರಿಂದ ಹೊಸ ಮೊತ್ತ 11 × 64 = 704. ವ್ಯತ್ಯಾಸ 84. ಅದೇ ಹೊಸಬನ ಅಂಕ.

ಇದನ್ನೇ ಬಾಯಿಲೆಕ್ಕದಲ್ಲಿ ಹೀಗೆ ಯೋಚಿಸಬಹುದು. ಹೊಸಬನು ತನ್ನ ಪಾಲಿಗೆ ಹೊಸ ಸರಾಸರಿಯಾದ 64 ಇಟ್ಟುಕೊಳ್ಳಬೇಕು. ಅದರ ಜೊತೆಗೆ ಹಳೆಯ 10 ಜನರಿಗೂ ತಲಾ 2 ಅಂಕ ಹಂಚಬೇಕು. 64 + 10 × 2 = 84.

ತಪ್ಪಾಗುವುದು ಇಲ್ಲಿಯೇ. ಈಗ 11 ಜನರಿದ್ದಾರೆಂದು ಕೆಲವರು 64 + 11 × 2 = 86 ಎಂದು ಬರೆಯುತ್ತಾರೆ. 86 ಕೂಡ ಆಯ್ಕೆಗಳಲ್ಲಿ ಇದ್ದರೆ ಅದನ್ನೇ ಗುರುತಿಸಿ ಮುಂದೆ ಹೋಗುತ್ತಾರೆ. ಹೊಸಬನ ಪಾಲಿನ 64ರಲ್ಲಿ ಆ 2 ಅಂಕ ಆಗಲೇ ಸೇರಿದೆ. ಅದನ್ನು ಎರಡು ಸಲ ಎಣಿಸಿದಂತಾಯಿತು. 11ರಿಂದಲೇ ಗುಣಿಸಬೇಕೆಂದಿದ್ದರೆ ಹಳೆಯ ಸರಾಸರಿಯಿಂದ ಶುರುಮಾಡಿ: 62 + 11 × 2 = 84. ಹೊಸ ಸರಾಸರಿಯ ಜೊತೆ ಹಳೆಯ ಸಂಖ್ಯೆ, ಹಳೆಯ ಸರಾಸರಿಯ ಜೊತೆ ಹೊಸ ಸಂಖ್ಯೆ. ಇಷ್ಟು ನೆನಪಿದ್ದರೆ ಸಾಕು.

ಒಬ್ಬರು ಬಿಟ್ಟು ಹೋದಾಗಲೂ ಇದೇ ಯೋಚನೆ. 8 ಆಟಗಾರರ ಸರಾಸರಿ ತೂಕ 60 ಕೆ.ಜಿ. ಒಬ್ಬ ಹೋದ ಮೇಲೆ ಸರಾಸರಿ 58 ಆಯಿತು. ಹೋದವನು ತನ್ನ ಪಾಲಿನ 60ರ ಜೊತೆಗೆ ಉಳಿದ 7 ಜನರಿಂದ ತಲಾ 2 ಒಯ್ದಿದ್ದಾನೆ. ಆದ್ದರಿಂದ ಅವನ ತೂಕ 60 + 14 = 74 ಕೆ.ಜಿ. ತಾಳೆ ನೋಡಿ: 480 − 74 = 406, ಅದನ್ನು 7ರಿಂದ ಭಾಗಿಸಿದರೆ 58.

ಇನ್ನು ಒಬ್ಬರ ಬದಲು ಒಂದು ಗುಂಪೇ ಬಂದು ಸೇರಿದರೆ? ಅದೇ ಭಾರಿತ ಸರಾಸರಿ, ಅಂದರೆ ವೆಯ್ಟೆಡ್ ಆವರೇಜ್. 40 ಜನರ ತರಗತಿಯ ಸರಾಸರಿ 60. ಅದಕ್ಕೆ 75 ಸರಾಸರಿಯ 10 ಜನ ಸೇರುತ್ತಾರೆ. 60 ಮತ್ತು 75ರ ನಡುವಿನ 67.5 ಉತ್ತರವಲ್ಲ, ಏಕೆಂದರೆ ಎರಡೂ ಗುಂಪುಗಳಲ್ಲಿ ಸಮಾನ ಜನರಿಲ್ಲ. ಬಂದ 10 ಜನ ತಲಾ 15 ಅಂಕ ಹೆಚ್ಚು ತಂದಿದ್ದಾರೆ, ಒಟ್ಟು 150. ಅದನ್ನು ಎಲ್ಲ 50 ಜನರಿಗೆ ಹಂಚಿದರೆ ತಲಾ 3. ಹೊಸ ಸರಾಸರಿ 63.

ಉತ್ತರ ಬರೆಯುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಸರಾಸರಿ ಏರಿತೇ, ಇಳಿಯಿತೇ? ಸೇರಿದ್ದರಿಂದ ಏರಿದ್ದರೆ ಬಂದವನ ಅಂಕ ಹೊಸ ಸರಾಸರಿಗಿಂತಲೂ ಹೆಚ್ಚಿರಲೇಬೇಕು. ಹೋದದ್ದರಿಂದ ಏರಿದ್ದರೆ ಹೋದವನದು ಹಳೆಯ ಸರಾಸರಿಗಿಂತಲೂ ಕಡಿಮೆ ಇರಬೇಕು. ಹಾಗಿಲ್ಲದಿದ್ದರೆ ಕೂಡುವಲ್ಲಿ ಕಳೆದಿದ್ದೀರಿ, ಇಲ್ಲವೇ ಕಳೆಯುವಲ್ಲಿ ಕೂಡಿದ್ದೀರಿ.