ಎರಡು ಚಿತ್ರ, ನಾಲ್ಕು ಸಾಲು

ಎಡಗಡೆಯ ಚಿತ್ರದಲ್ಲಿ ಮಬ್ಬು ಕವಿದ ನಡುಮನೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರಿದೆ. ಬಲಗಡೆಯ ಚಿತ್ರದಲ್ಲಿ ಅದೇ ನಡುಮನೆ ಹಾಲು ಚೆಲ್ಲಿದಂತೆ ಬೆಳಗುತ್ತಿದೆ. ಕೆಳಗೆ ಒಂದು ಒಕ್ಕಣೆ: "ಮೊದಲು, ನಂತರ. ಹಳೆಯ ಮನೆಗೆ ಹೊಸ ಕಳೆ!"

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳಲ್ಲಿ ಮನೆ ರಿಪೇರಿ ಮಾಡಿಸುವ ಸಣ್ಣ ಗುತ್ತಿಗೆದಾರನಿಗೆ ಮೊಬೈಲ್ ಫೋನಿನಲ್ಲಿ ತೆಗೆದ ಇಂಥ ಜೋಡಿಚಿತ್ರವೇ ಜಾಹೀರಾತು. ಅದನ್ನು ನೋಡಿ ಮೆಚ್ಚಿದ ಗೃಹಿಣಿ ಮುಂಗಡ ಕೊಡಲು ಮುಂದಾಗುತ್ತಾಳೆ. ಆದರೆ ಗೋಡೆಯ ತೇವ ಹೋಯಿತೇ, ಇಲ್ಲವೇ ಬಣ್ಣದ ಹಿಂದೆ ಅಡಗಿತೇ? ಚಿತ್ರ ಇದನ್ನು ಹೇಳಲಾರದು. ಅದರ ಕೆಳಗಿನ ನಾಲ್ಕು ಸಾಲು ಹೇಳಬೇಕು.

ಚಿತ್ರದುರ್ಗದ ಹಳೆಯ ಬೀದಿಯ ಒಂದು ಮಾಳಿಗೆ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆ. ತೊಲೆ, ಜಂತೆಗಳ ಮೇಲೆ ಕರಲು ಮಣ್ಣಿನ ಹೊದಿಕೆ. ಈ ಮಣ್ಣು ನೆನೆದಾಗ ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ಮಾಳಿಗೆ ಸೋರದು. ತೇವ ಬರುತ್ತಿದ್ದುದು ಕೆಳಗಿನಿಂದ. ಹೂಗಿಡಗಳಿಗೆಂದು ಹಿತ್ತಲ ಗೋಡೆಗೆ ಒತ್ತಿ ಹಾಕಿದ ಮಣ್ಣು ವರ್ಷ ವರ್ಷವೂ ಬೆಳೆದು ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು; ಬಚ್ಚಲ ನೀರೂ ಅಲ್ಲಿಯೇ ಇಂಗುತ್ತಿತ್ತು. ಹಿಂದೊಮ್ಮೆ ಒಳಗೆ ಬಳಿದ ಸಿಮೆಂಟು ಗಿಲಾವು ಆ ತೇವವನ್ನು ಹೊರಬಿಡದೆ ಮೂರು ಅಡಿಯವರೆಗೆ ಮೇಲಕ್ಕೇರಿಸಿತ್ತು. ನೀರಿನೊಡನೆ ಬಂದ ಉಪ್ಪು ಮೇಲ್ಮೈಯಲ್ಲಿ ಬಿಳಿಯ ಹೂವಿನಂತೆ ಅರಳಿ ಬಣ್ಣವನ್ನು ಕಿತ್ತೆಸೆದಿತ್ತು.

ಇಂಥ ಗೋಡೆಗೆ ಪುಟ್ಟಿ ತುಂಬಿ ಹೊಳೆಯುವ ಬಣ್ಣ ಹೊಡೆದರೆ ಎರಡನೆಯ ಚಿತ್ರ ನಾಲ್ಕೇ ದಿನಗಳಲ್ಲಿ ಸಿದ್ಧ. ಬಲ್ಲ ಮೇಸ್ತ್ರಿಯ ದಾರಿ ಬೇರೆ. ಅವನು ಮೊದಲು ಹಿತ್ತಲ ಮಣ್ಣನ್ನು ನೆಲಮಟ್ಟಕ್ಕಿಂತ ಕೆಳಕ್ಕೆ ತೆಗೆಸಿ, ಬಚ್ಚಲ ನೀರನ್ನು ದೂರ ಹರಿಸುತ್ತಾನೆ. ಬಳಿಕ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟನ್ನು ಕಿತ್ತು, ಉಪ್ಪನ್ನು ಒಣ ಕುಂಚದಿಂದ ಉಜ್ಜಿ ತೆಗೆಯುತ್ತಾನೆ. ನೀರಿನಿಂದ ತೊಳೆದರೆ ಕರಗಿದ ಉಪ್ಪು ಮತ್ತೆ ಗೋಡೆಯನ್ನೇ ಸೇರುತ್ತದೆ. ಕೊನೆಗೆ ಸುಣ್ಣದ ಗಾರೆ, ಸುಣ್ಣದ ಬಿಳುಪು. ನೆನೆದ ಗೋಡೆ ಒಣಗಲು ದಪ್ಪದ ಅಂಗುಲಕ್ಕೆ ಸುಮಾರು ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. ಹದಿನೆಂಟು ಅಂಗುಲದ ಗೋಡೆಗಾಗಿ ಒಂದೂವರೆ ವರ್ಷ ಯಾರೂ ಕಾಯಲಾರರು. ಸುಣ್ಣವು ತೇವವನ್ನು ಹೊರಬಿಡುತ್ತ ಹೋಗುವುದರಿಂದ, ಮನೆಯವರು ಒಳಗೆ ವಾಸವಾಗಿದ್ದಂತೆಯೇ ಗೋಡೆ ಒಣಗಬಲ್ಲದು. ನಡುನಡುವೆ ಕಲೆ ಮೂಡಬಹುದು, ಅಷ್ಟೆ.

ಹಾಗಾದರೆ ಒಕ್ಕಣೆ ಹೇಗಿರಬೇಕು? ಹೀಗೆ:

"ಚಿತ್ರದುರ್ಗ. ಮಾಳಿಗೆ ಮನೆಯ ನಡುಮನೆ, 14 ಅಡಿಗೆ 12 ಅಡಿ. ಎರಡು ಚಿತ್ರಗಳನ್ನೂ ಹೊಸ್ತಿಲ ಬಳಿ ನಿಂತು, ಬೆಳಿಗ್ಗೆ 10 ಗಂಟೆಗೆ, ದೀಪ ಹಾಕದೆ ತೆಗೆದಿದೆ; ಮೊದಲನೆಯದು ಮಾರ್ಚ್, ಎರಡನೆಯದು ಮೇ. ಹಿತ್ತಲ ಮಣ್ಣು ತಗ್ಗಿಸಿ, ಬಚ್ಚಲ ನೀರನ್ನು ತಿರುಗಿಸಿದೆ. ಹಿತ್ತಲ ಕಡೆಯ ಗೋಡೆಗೆ 4 ಅಡಿ ಎತ್ತರದವರೆಗೆ ಸಿಮೆಂಟು ಕಿತ್ತು ಸುಣ್ಣದ ಗಾರೆ ಮಾಡಿದೆ. ಮಾಳಿಗೆಯನ್ನೂ ನೆಲವನ್ನೂ ಮುಟ್ಟಿಲ್ಲ. ಗೋಡೆ ಇನ್ನೂ ಒಣಗುತ್ತಿದೆ."

ಇದರಲ್ಲಿ ಒಂದು ಮಾತೂ ದಂಡವಲ್ಲ. ಮುಸ್ಸಂಜೆಯಲ್ಲಿ ಸಾಮಾನು ಚೆಲ್ಲಾಡಿದ ಕೋಣೆಯನ್ನೂ, ದೀಪ ಉರಿಸಿ ಅಣಿಗೊಳಿಸಿದ ಕೋಣೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಕೆಲಸವೇ ಆಗದಿದ್ದರೂ ಆದಂತೆ ಕಾಣುತ್ತದೆ. ಆದ್ದರಿಂದಲೇ ನಿಂತ ಜಾಗ, ಹೊತ್ತು, ದೀಪಗಳ ಮಾತು. ಮುಟ್ಟದ ನೆಲವನ್ನು ಹೆಸರಿಸಿದರೆ, ಅದನ್ನೂ ಹೊಸದಾಗಿ ಹಾಸಿದ್ದೆಂದು ಯಾರೂ ಭ್ರಮಿಸರು.

ಕೊನೆಯ ವಾಕ್ಯವೇ ಮೇಸ್ತ್ರಿಗೆ ಕಷ್ಟದ್ದು. "ಇನ್ನೂ ಒಣಗುತ್ತಿದೆ" ಎಂದರೆ ಗಿರಾಕಿ ಹಿಂಜರಿದಾಳು. ಬರೆಯದಿದ್ದರೆ, ಆ ಚಿತ್ರವನ್ನು ನಂಬಿ ಹಿರಿಯೂರಿನಿಂದ ಮುಂಗಡ ಕಳುಹಿಸಿದವಳು ತನ್ನ ಗೋಡೆಯಲ್ಲಿ ಮೊದಲ ಕಲೆ ಕಂಡ ದಿನವೇ ಅವನನ್ನು ಮೋಸಗಾರನೆಂದಾಳು. ಮೊದಲೇ ಓದಿದ್ದರೆ ಅದೇ ಕಲೆಯನ್ನು ಒಣ ಕುಂಚದಿಂದ ಉಜ್ಜಿ ಸುಮ್ಮನಾಗುತ್ತಾಳೆ.

ಈ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮೇ ತಿಂಗಳ ಗೋಡೆ ಎಷ್ಟು ಬೆಳ್ಳಗಿದ್ದರೂ ಪರೀಕ್ಷೆಗೆ ಕುಳಿತಿಲ್ಲ. ಹಸ್ತೆ, ಚಿತ್ತೆಯ ಮಳೆಗಳು ಕಳೆದ ಮೇಲೆ ಅದೇ ಹೊಸ್ತಿಲ ಬಳಿ ನಿಂತು ಮೂರನೆಯ ಚಿತ್ರವೊಂದನ್ನು ತೆಗೆದು, ಅದರ ತಿಂಗಳನ್ನು ನಮೂದಿಸಿ ಪಕ್ಕದಲ್ಲಿಡಬೇಕು. ಮುಂಗಡ ಕೊಡುವವರು ಮೊದಲು ಕೇಳಬೇಕಾದುದು ಆ ಚಿತ್ರವನ್ನು.