ಉಪ್ಪು ಬಿದ್ದರೆ ಮಂಜುಗಡ್ಡೆ ಬಿಸಿಯಾಗುತ್ತದೆಯೇ?

ಟೊರಾಂಟೊ, ಶಿಕಾಗೊದಂಥ ಊರುಗಳಲ್ಲಿ ಚಳಿಗಾಲ ಬಂತೆಂದರೆ ಲಾರಿಗಳು ರಸ್ತೆಗೆ ಉಪ್ಪು ಎರಚುತ್ತ ಸಾಗುತ್ತವೆ. ಅಲ್ಲಿರುವ ಮಕ್ಕಳು ಕಳಿಸಿದ ವಿಡಿಯೊ ನೋಡಿದವರಿಗೆ ಉಪ್ಪಿನಲ್ಲಿ ಏನೋ ಕಾವಿದೆ, ಅದಕ್ಕೇ ಹಿಮ ಕರಗುತ್ತದೆ ಎನ್ನಿಸುವುದು ಸಹಜ. ಏನೇ ಕರಗಬೇಕಾದರೂ ಶಾಖ ಬೇಕಲ್ಲವೇ? ಬೇಕು, ನಿಜ. ಆದರೆ ಆ ಶಾಖವನ್ನು ಕೊಡುವುದು ಉಪ್ಪಲ್ಲ.

ನಂಬಿಕೆ: ಉಪ್ಪು ಮಂಜುಗಡ್ಡೆಯನ್ನು ಬಿಸಿ ಮಾಡಿ ಕರಗಿಸುತ್ತದೆ

ಸ್ಟೀಲ್ ಲೋಟದಲ್ಲಿ ಪುಡಿ ಮಾಡಿದ ಮಂಜುಗಡ್ಡೆ, ಜೊತೆಗೆ ಸ್ವಲ್ಪ ನೀರು ಹಾಕಿ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟರೆ ಅದು 0 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ನೀರು ಬಸಿದು, ಮೂರು ಪಾಲು ಮಂಜಿಗೆ ಒಂದು ಪಾಲು ಉಪ್ಪು ಸೇರಿಸಿ ಚೆನ್ನಾಗಿ ಕಲಕಿ. ಮಂಜು ಕರಗುತ್ತ ಹೋಗುತ್ತದೆ, ಪಾದರಸವೂ ಇಳಿಯುತ್ತ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಮೈನಸ್ 10 ದಾಟುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಲೋಟದ ಹೊರಮೈ ನೋಡಿದರೂ ಸಾಕು. ಮೊದಲು ಅಲ್ಲಿ ನೀರಿನ ಹನಿ ಕೂತಿರುತ್ತದೆ, ಆಮೇಲೆ ಆ ಹನಿಗಳೇ ಬಿಳಿ ಪದರವಾಗಿ ಹೆಪ್ಪುಗಟ್ಟುತ್ತವೆ. ಈ ಮಿಶ್ರಣವನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ; ಚರ್ಮ ಸುಟ್ಟಂತೆ ಗಾಯವಾಗುತ್ತದೆ. ಆ ಗಾಯ ಶೀತದಿಂದ ಆದದ್ದೇ ಹೊರತು ಬಿಸಿಯಿಂದಲ್ಲ.

ಹಾಗಾದರೆ ಒಳಗೆ ನಡೆಯುವುದೇನು? 0 ಡಿಗ್ರಿಯಲ್ಲಿ ಮಂಜೂ ನೀರೂ ಒಟ್ಟಿಗಿದ್ದಾಗ ಅವು ಸುಮ್ಮನಿದ್ದಂತೆ ಕಾಣುತ್ತವೆ, ಇರುವುದಿಲ್ಲ. ಮಂಜಿನ ಮೈಯಿಂದ ನೀರಿನ ಅಣುಗಳು ಸದಾ ಕಳಚಿಕೊಂಡು ದ್ರವಕ್ಕೆ ಸೇರುತ್ತಿರುತ್ತವೆ, ದ್ರವದಿಂದ ಅಷ್ಟೇ ಅಣುಗಳು ಮರಳಿ ಮಂಜಿಗೆ ಅಂಟುತ್ತಿರುತ್ತವೆ. ಹೋಗುವ ಲೆಕ್ಕ, ಬರುವ ಲೆಕ್ಕ ಸಮ. ಈಗ ಉಪ್ಪು ಹಾಕಿದರೆ ಅದು ಮಂಜಿನ ಮೇಲಿರುವ ತೆಳು ನೀರಿನ ಪದರದಲ್ಲಿ ಕರಗುತ್ತದೆ. ಮಂಜಿನ ಹರಳಿನೊಳಗೆ ಮಾತ್ರ ಅದಕ್ಕೆ ಜಾಗವಿಲ್ಲ. ದ್ರವದಲ್ಲಿ ನೀರಿನ ಅಣುಗಳ ನಡುವೆ ಉಪ್ಪಿನ ಕಣಗಳು ಬೆರೆತದ್ದರಿಂದ ಮಂಜಿಗೆ ಮರಳಿ ಅಂಟುವ ನೀರಿನ ಅಣುಗಳು ಕಡಿಮೆಯಾದವು. ಕಳಚಿಕೊಳ್ಳುವುದು ಮಾತ್ರ ಮೊದಲಿನ ವೇಗದಲ್ಲೇ ನಡೆದಿದೆ. ಬರುವುದಕ್ಕಿಂತ ಹೋಗುವುದು ಹೆಚ್ಚಾಯಿತು, ಅಂದರೆ ಮಂಜು ಕರಗತೊಡಗಿತು.

ಒಂದು ಗ್ರಾಂ ಮಂಜು ಕರಗಲು 334 ಜೂಲ್ ಶಾಖ ಬೇಕು. ಅದನ್ನು ಹೊರಗಿನಿಂದ ಯಾರೂ ಒದಗಿಸುತ್ತಿಲ್ಲ, ಹೀಗಾಗಿ ಪಕ್ಕದ ಮಂಜು ಮತ್ತು ನೀರಿನಿಂದಲೇ ಅದು ಬರಬೇಕು. ಇದು ಸಣ್ಣ ಮೊತ್ತವಲ್ಲ: ಒಂದು ಗ್ರಾಂ ಕರಗಿದರೆ ಸುಮಾರು ಏಳು ಗ್ರಾಂ ಮಂಜನ್ನು 20 ಡಿಗ್ರಿಗೂ ಹೆಚ್ಚು ತಣ್ಣಗೆ ಮಾಡಬಹುದು. ತಣ್ಣಗಾದಂತೆ ಅಣುಗಳು ಕಳಚಿಕೊಳ್ಳುವ ವೇಗ ತಗ್ಗುತ್ತದೆ, ಕೊನೆಗೊಮ್ಮೆ ಎರಡೂ ಲೆಕ್ಕ ಮತ್ತೆ ಸಮವಾಗುತ್ತವೆ. ಅಡುಗೆ ಉಪ್ಪಿನಿಂದ ಇಳಿಯಬಹುದಾದ ತಳ ಮೈನಸ್ 21 ಡಿಗ್ರಿ. ಒಂದು ಕಿಲೊ ಮಂಜಿಗೆ 300 ಗ್ರಾಂ ಉಪ್ಪು ಹಾಕಿದರೆ ಆ ತಳಕ್ಕೆ ಬೇಕಾದ ಪ್ರಮಾಣ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಸುರಿದ ಉಪ್ಪು ಕರಗದೆ ತಳದಲ್ಲಿ ಕೂರುತ್ತದೆ, ಅಷ್ಟೇ.

ಕೈಯಿಂದ ತಿರುಗಿಸುವ ಐಸ್‌ಕ್ರೀಂ ಡಬ್ಬಿಯ ಸುತ್ತ ಮಂಜಿನ ಜೊತೆ ಉಪ್ಪು ತುಂಬುವುದು ಇದೇ ಕಾರಣಕ್ಕೆ. ಬರೀ ಮಂಜು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಒಳಗಿನ ಹಾಲಿನಲ್ಲಿ ಸಕ್ಕರೆ ಕರಗಿದೆ. ಆ ಸಕ್ಕರೆಯೂ ಉಪ್ಪಿನ ಕೆಲಸವನ್ನೇ ಮಾಡಿ, ಹಾಲು ಹೆಪ್ಪುಗಟ್ಟಲು ಶುರುವಾಗುವ ಉಷ್ಣತೆಯನ್ನು 0ಗಿಂತ ಎರಡು ಮೂರು ಡಿಗ್ರಿ ಕೆಳಗೆ ತಳ್ಳಿರುತ್ತದೆ. 0 ಡಿಗ್ರಿಯ ಮಂಜಿನಲ್ಲಿ ಇಡೀ ದಿನ ತಿರುಗಿಸಿದರೂ ಕೈ ನೋವು ಬರಬಹುದೇ ಹೊರತು ಐಸ್‌ಕ್ರೀಂ ಬರುವುದಿಲ್ಲ.

ರಸ್ತೆಯ ಉಪ್ಪಿಗೂ ಇದೇ ಮಿತಿ. ಮೈನಸ್ 10ರ ಹತ್ತಿರ ಹೋಗುವಷ್ಟರಲ್ಲಿ ಅದರ ಕೆಲಸ ತೀರಾ ನಿಧಾನವಾಗುತ್ತದೆ, ಮೈನಸ್ 21ರ ಕೆಳಗೆ ಪೂರ್ತಿ ನಿಲ್ಲುತ್ತದೆ. ಅಂಥ ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಇದು ನೀರಿನಲ್ಲಿ ಕರಗುವಾಗ ನಿಜಕ್ಕೂ ಬಿಸಿಯಾಗುತ್ತದೆ. ‘ಉಪ್ಪಿನ ಕಾವು’ ಎಂಬ ನಂಬಿಕೆಗೆ ಇದರಿಂದಲೂ ಸ್ವಲ್ಪ ಬಲ ಬಂದಿರಬಹುದು.

ನಂಬಿಕೆ: ಇದು ಉಪ್ಪಿಗೆ ಮಾತ್ರ ಇರುವ ಗುಣ

ಸಕ್ಕರೆಯೂ ಇದನ್ನೇ ಮಾಡುತ್ತದೆ ಎಂದು ಈಗಾಗಲೇ ನೋಡಿದೆವು. ಕರಗಿದ ವಸ್ತು ಯಾವುದು ಎನ್ನುವುದಕ್ಕಿಂತ, ಅದರ ಎಷ್ಟು ಕಣಗಳು ನೀರಿನಲ್ಲಿವೆ ಎನ್ನುವುದೇ ಇಲ್ಲಿ ಮುಖ್ಯ. ಹೀಗೆ ಎಣಿಕೆಯನ್ನೇ ನೆಚ್ಚಿದ ಗುಣಗಳಿಗೆ ಪಿಯುಸಿ ಪುಸ್ತಕದಲ್ಲಿ ಕೊಲಿಗೇಟಿವ್ ಗುಣಗಳು ಎಂದು ಹೆಸರು. 342 ಗ್ರಾಂ ಸಕ್ಕರೆಯಲ್ಲಿರುವಷ್ಟೇ ಘಟಕಗಳು 58.5 ಗ್ರಾಂ ಉಪ್ಪಿನಲ್ಲಿವೆ. ಒಂದು ಕಿಲೊ ನೀರಿಗೆ ಅಷ್ಟು ಸಕ್ಕರೆ ಹಾಕಿದರೆ ಲೆಕ್ಕದ ಪ್ರಕಾರ ಘನೀಭವನ ಬಿಂದು 1.86 ಡಿಗ್ರಿ ಇಳಿಯಬೇಕು, ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಉಪ್ಪು ಹಾಕಿದರೆ ಮಾತ್ರ ಸುಮಾರು 3.4 ಡಿಗ್ರಿ ಇಳಿಯುತ್ತದೆ.

ಸುಮಾರು ಎರಡು ಪಟ್ಟಿನ ಈ ಇಳಿತ 19ನೇ ಶತಮಾನದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞರಿಗೆ ದೊಡ್ಡ ಒಗಟಾಗಿತ್ತು. ಫ್ರಾನ್ಸಿನ ರೌಲ್ಟ್ ಅನೇಕ ದ್ರಾವಣಗಳ ಘನೀಭವನ ಬಿಂದುಗಳನ್ನು ತಾಳ್ಮೆಯಿಂದ ಅಳೆದಿದ್ದ. ಉಪ್ಪು ನೀರಿಗೆ ಬಿದ್ದೊಡನೆ ಸೋಡಿಯಂ, ಕ್ಲೋರೈಡ್ ಎಂಬ ಎರಡು ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆ ಎಂದು ಸ್ವೀಡನ್ನಿನ ಅರ್ಹೇನಿಯಸ್ ವಾದಿಸಿದ. ಮೊದಲಿಗೆ ಅನೇಕರು ಒಪ್ಪಲಿಲ್ಲ. 1903ರಲ್ಲಿ ಅದೇ ಸಿದ್ಧಾಂತಕ್ಕೆ ಅವನಿಗೆ ನೊಬೆಲ್ ಬಂತು. ಇಳಿತ ಸರಿಯಾಗಿ ಎರಡು ಪಟ್ಟು ಇಲ್ಲದಿರುವುದಕ್ಕೆ ಕಾರಣ, ಆ ಎರಡು ಬಗೆಯ ಕಣಗಳು ಒಂದನ್ನೊಂದು ಸೆಳೆಯುವುದರಿಂದ ಪೂರ್ತಿ ಸ್ವತಂತ್ರವಾಗಿ ಇರುವುದಿಲ್ಲ.

ನಂಬಿಕೆ: ಕೂಲಂಟ್ ಹೆಚ್ಚು ಹಾಕಿದಷ್ಟೂ ಒಳ್ಳೆಯದು

ಚಳಿಗಾಲದ ಲಡಾಖ್‌ಗೆ ಗಾಡಿ ಒಯ್ಯುವವರಿಗೆ ಈ ಸಲಹೆ ಸಿಗುವುದುಂಟು. ರೇಡಿಯೇಟರಿನ ಬರೀ ನೀರು ಹೆಪ್ಪುಗಟ್ಟಿದರೆ ಅದು ಸುಮಾರು ಶೇ. 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಹುದು, ಆದ್ದರಿಂದ ಕೂಲಂಟ್ ಬೇಕೇ ಬೇಕು. ಅದರಲ್ಲಿರುವುದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್. ಅದು ಒಡೆಯುವುದಿಲ್ಲ, ಒಂದು ಅಣು ಒಂದೇ ಕಣ. ಒಂದು ಲೀಟರ್ ನೀರಿಗೆ ಒಂದು ಲೀಟರ್ ಗ್ಲೈಕಾಲ್ ಬೆರೆಸಿದರೆ ಅದರ ತೂಕ ಸುಮಾರು 1,110 ಗ್ರಾಂ. 62 ಗ್ರಾಮಿಗೆ ಒಂದು ಪಾಲಿನಂತೆ ಹಿಡಿದರೆ 18 ಪಾಲು ಆಯಿತು. ಪಾಲಿಗೆ 1.86ರಂತೆ ಲೆಕ್ಕ ಹಾಕಿದರೆ ಮೈನಸ್ 33 ಡಿಗ್ರಿ. ನಿಜವಾಗಿ ಅಳೆದಾಗ ಸಿಗುವುದು ಸುಮಾರು ಮೈನಸ್ 37. ಈ ಸರಳ ಲೆಕ್ಕ ತೆಳು ದ್ರಾವಣಗಳಿಗೆಂದು ಇರುವುದು. ಇಷ್ಟು ಗಟ್ಟಿ ಮಿಶ್ರಣದಲ್ಲೂ ಇಷ್ಟು ಹತ್ತಿರ ಬಂದದ್ದೇ ದೊಡ್ಡದು.

ಹಾಗೆಂದು ಬರೀ ಗ್ಲೈಕಾಲ್ ತುಂಬಿಸಿದರೆ? ಅದು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ. ಗ್ಲೈಕಾಲ್ ನೀರನ್ನು ಹೆಪ್ಪುಗಟ್ಟದಂತೆ ತಡೆಯುವ ಹಾಗೆಯೇ, ನೀರೂ ಗ್ಲೈಕಾಲನ್ನು ತಡೆಯುತ್ತಿರುತ್ತದೆ. ನೀರು ತೆಗೆದರೆ ಆ ತಡೆ ಹೋಯಿತು. ಮೇಲಾಗಿ ಎಂಜಿನ್ನಿನ ಶಾಖ ಹೊತ್ತೊಯ್ಯುವ ಶಕ್ತಿ ನೀರಿಗೇ ಹೆಚ್ಚು.

ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಇಲ್ಲಿಗೆ ನಲ್ಲಿ ನೀರೇ ಸಾಕು ಎಂಬುದೂ ಪೂರ್ತಿ ಸರಿಯಲ್ಲ. ಕರಗಿದ ಕಣಗಳು ಕುದಿಬಿಂದುವನ್ನು ಏರಿಸುತ್ತವೆ. ಅರ್ಧಕ್ಕರ್ಧ ಮಿಶ್ರಣದಲ್ಲಿ ಆ ಏರಿಕೆ ಏಳೆಂಟು ಡಿಗ್ರಿ ಮಾತ್ರ. ಕುದಿಯದಂತೆ ಹೆಚ್ಚು ಕಾಯುವುದು ರೇಡಿಯೇಟರಿನ ಒತ್ತಡದ ಮುಚ್ಚಳ. ಆದ್ದರಿಂದಲೇ ಎಂಜಿನ್ ಬಿಸಿಯಿದ್ದಾಗ ಅದನ್ನು ತೆರೆದರೆ ದ್ರವ ಉಕ್ಕಿ ಮುಖಕ್ಕೆ ಹಾರುತ್ತದೆ. ಕೂಲಂಟಿನಿಂದ ನಮ್ಮೂರಲ್ಲಿ ಸಿಗುವ ಮುಖ್ಯ ಲಾಭ ಅದರಲ್ಲಿ ಬೆರೆಸಿರುವ ತುಕ್ಕು ತಡೆಯುವ ರಾಸಾಯನಿಕಗಳದ್ದು.

ಅಂಗಡಿಯಲ್ಲಿ ಎರಡು ಬಗೆಯ ಕ್ಯಾನ್ ಸಿಗುತ್ತವೆ: ಒಂದು ನೀರು ಬೆರೆಸಿ ಹಾಕಬೇಕಾದ ಗಟ್ಟಿ ದ್ರವ, ಇನ್ನೊಂದು ಮೊದಲೇ ಬೆರೆಸಿಟ್ಟದ್ದು. ಎರಡನೆಯದಕ್ಕೆ ಮತ್ತೆ ನೀರು ಸೇರಿಸಿದರೆ ಲಡಾಖಿನ ರಾತ್ರಿಗೆ ಅದು ಸಾಲದೇ ಹೋಗಬಹುದು. ಗ್ಲೈಕಾಲ್ ರುಚಿಗೆ ಸಿಹಿ, ಆದರೆ ಮೂತ್ರಪಿಂಡ ಕೆಡಿಸಿ ಕೊಲ್ಲುವ ವಿಷ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬಾರದು, ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕುವ ಮೊದಲೇ ತೊಳೆಯಬೇಕು.